ಛತ್ರದ ಬುಕಿಂಗ್ ಫಾರಂ: ಕನ್ನಡದ ಸಾಲೂ ಇಂಗ್ಲಿಷಿನ ಸಾಲೂ ಒಂದೇ ಮಾತು ಹೇಳುವಂತೆ ಬರೆಸಿಕೊಳ್ಳುವುದು ಹೇಗೆ

ಮದುವೆಯ ತಿಂಗಳು ಹತ್ತಿರ ಬಂದಾಗಲೆಲ್ಲ ಓದುಗರಿಂದ ಒಂದೇ ಪ್ರಶ್ನೆ ಬರುತ್ತದೆ: "ಛತ್ರದವರು ಫಾರಂ ಕೊಟ್ಟಿದ್ದಾರೆ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. ಕನ್ನಡ ಓದಿ ಸಹಿ ಹಾಕಿದರೆ ಸಾಕಲ್ಲವೇ?" ಸಾಲದು. ಕೆಲವು ವರ್ಷ ಛತ್ರದ ಆಫೀಸಿನಲ್ಲಿ ಕೂತು ಇಂಥ ಫಾರಂಗಳನ್ನು ತುಂಬಿಸಿದವನು ನಾನು. ಎರಡೂ ಕಡೆ ಒಂದೇ ಮಾತಿರುವ ಫಾರಂ ನೋಡಿದ್ದು ಕಡಿಮೆ. ಬೇಕೆಂದೇ ಹಾಗೆ ಮಾಡುತ್ತಾರೆ ಅಂತಲ್ಲ. ಇಂಗ್ಲಿಷ್ ಭಾಗವನ್ನು ಒಬ್ಬ ವಕೀಲರು ಬರೆದಿರುತ್ತಾರೆ, ಕನ್ನಡವನ್ನು ಡಿಟಿಪಿ ಅಂಗಡಿಯವರು ತೋಚಿದಂತೆ ಇಳಿಸಿರುತ್ತಾರೆ. ಜಗಳ ಮಾತ್ರ ಮದುವೆಯ ಮಾರನೇ ದಿನ, ಠೇವಣಿ ಹಿಡಿದುಕೊಂಡಾಗ ಶುರುವಾಗುತ್ತದೆ.

ಜಗಳ ಹುಟ್ಟುವುದು ಹೆಚ್ಚಾಗಿ ನಾಲ್ಕು ಕಡೆ: ಮೈಕಿನ ಸಮಯ, ಅಲಂಕಾರ, ಹೊರಗಿನ ಅಡುಗೆಯವರು, ಠೇವಣಿ. ಆ ನಾಲ್ಕನ್ನು ಮಾತ್ರ ಇಲ್ಲಿ ಹಿಡಿದಿದ್ದೇನೆ. ಓದಲು ಸುಲಭವಾಗಲೆಂದು ಇಂಗ್ಲಿಷ್ ಸಾಲುಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಫಾರಂನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಸಿ.

ಛತ್ರಕ್ಕೆ ಹೋಗುವಾಗ ಜೊತೆಗಿರಬೇಕಾದ್ದು ಇಷ್ಟು: ಪುರೋಹಿತರು ಇಟ್ಟುಕೊಟ್ಟ ಮುಹೂರ್ತದ ಸಮಯ, ಅಡುಗೆಯವರ ಮತ್ತು ಡೆಕೊರೇಷನ್‌ನವರ ಫೋನ್ ನಂಬರ್, ಫಾರಂನ ಒಂದು ಖಾಲಿ ಪ್ರತಿ. ಖಾಲಿ ಪ್ರತಿಯನ್ನು ಒಂದು ದಿನ ಮುಂಚೆ ಕೇಳಿ ಪಡೆಯಿರಿ. "ದುಡ್ಡು ಕಟ್ಟಿದ ಮೇಲೇ ಫಾರಂ" ಎನ್ನುವ ಕಡೆ ಕನಿಷ್ಠ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಮನೆಗೆ ಬನ್ನಿ.

1. ಮೊದಲು ಕೊನೆಯ ಪುಟ, ಆಮೇಲೆ "ಮುಂಗಡ" ಎಂಬ ಪದ

ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರಬಹುದು: "ಇನ್ ಕೇಸ್ ಆಫ್ ಎನಿ ಡಿಸ್ಕ್ರೆಪನ್ಸಿ, ದಿ ಇಂಗ್ಲಿಷ್ ವರ್ಷನ್ ಶಲ್ ಪ್ರಿವೇಲ್." ಎರಡು ಭಾಷೆಯ ನಡುವೆ ವ್ಯತ್ಯಾಸ ಬಂದರೆ ಇಂಗ್ಲಿಷ್ ಹೇಳಿದ್ದೇ ನಡೆಯುತ್ತದೆ ಎಂದು ಇದರರ್ಥ. ಈ ಸಾಲು ಇದ್ದರೆ ನೀವು ಓದಿ ಒಪ್ಪಿಕೊಂಡ ಕನ್ನಡ ಬರೀ ಶೋಭೆಗೆ. ಆ ಸಾಲನ್ನು ಹೊಡೆಸಿಹಾಕಲು ಛತ್ರದವರು ಒಪ್ಪುವುದು ಕಷ್ಟ. ಅದಕ್ಕಿಂತ ಸುಲಭದ ದಾರಿ, ಕೆಳಗಿನ ನಾಲ್ಕು ಷರತ್ತುಗಳನ್ನು ಎರಡೂ ಕಡೆ ಕೈಬರಹದಲ್ಲಿ ತಿದ್ದಿಸಿ, ತಿದ್ದಿದ ಪ್ರತಿ ಜಾಗದ ಪಕ್ಕದಲ್ಲೂ ಮ್ಯಾನೇಜರರ ಸಹಿ, ನಿಮ್ಮ ಸಹಿ ಹಾಕಿಸುವುದು. ಒಂದೇ ಕಡೆ ತಿದ್ದಿದರೆ ತಿದ್ದದೇ ಇದ್ದಂತೆ.

ಇನ್ನು ಮುಂಗಡ. ನಮ್ಮ ಬಾಯಲ್ಲಿ ಬುಕಿಂಗ್ ದುಡ್ಡೂ ಮುಂಗಡವೇ, ಒಡೆದದ್ದು ಮುರಿದದ್ದಕ್ಕೆ ಇಟ್ಟುಕೊಳ್ಳುವ ದುಡ್ಡೂ ಮುಂಗಡವೇ. ಇಂಗ್ಲಿಷಿನಲ್ಲಿ ಇವು ಬೇರೆ ಬೇರೆ: ಅಡ್ವಾನ್ಸ್ ಎಂದರೆ ಬಾಡಿಗೆಯಲ್ಲಿ ಮುರಿದುಕೊಳ್ಳುವ ದುಡ್ಡು, ಸೆಕ್ಯುರಿಟಿ ಡೆಪಾಸಿಟ್ ಎಂದರೆ ಕೆಲಸ ಮುಗಿದ ಮೇಲೆ ವಾಪಸ್ ಬರಬೇಕಾದ ದುಡ್ಡು. ಇಂಗ್ಲಿಷ್ ಕಡೆ "ಅಡ್ವಾನ್ಸ್ ಈಸ್ ನಾನ್ ರಿಫಂಡಬಲ್" ಎಂದಿದ್ದು, ರಸೀದಿಯಲ್ಲಿ ಎಲ್ಲ ಮೊತ್ತಕ್ಕೂ ಸೇರಿಸಿ "ಮುಂಗಡ ರೂ. 1,50,000" ಎಂದು ಬರೆದುಕೊಟ್ಟರೆ, ಅದರೊಳಗಿನ 50,000 ಠೇವಣಿ ಎಂದು ನೀವು ನಾಳೆ ಸಾಧಿಸಬೇಕಾಗುತ್ತದೆ. ಆದ್ದರಿಂದ ಎರಡು ರಸೀದಿ ಕೇಳಿ. ಒಂದರಲ್ಲಿ "ಬಾಡಿಗೆ ಮುಂಗಡ", ಇನ್ನೊಂದರಲ್ಲಿ "ಹಿಂತಿರುಗಿಸುವ ಹಾನಿ ಠೇವಣಿ".

ಎರಡು ರಸೀದಿಯಿಂದ ಇನ್ನೊಂದು ಲಾಭವೂ ಇದೆ. ಬಾಡಿಗೆಯ ಮೇಲೆ ಜಿಎಸ್‌ಟಿ ಬೀಳುತ್ತದೆ, ವಾಪಸ್ ಕೊಡುವ ಠೇವಣಿಯ ಮೇಲೆ ಬೀಳುವುದಿಲ್ಲ. ಠೇವಣಿಯಿಂದ ಏನನ್ನಾದರೂ ಬಾಡಿಗೆಗೋ ಶುಲ್ಕಕ್ಕೋ ಮುರಿದುಕೊಂಡಾಗ ಮಾತ್ರ ಆ ಭಾಗ ತೆರಿಗೆಯ ಲೆಕ್ಕಕ್ಕೆ ಬರಬಹುದು. ಒಟ್ಟು ಮೊತ್ತಕ್ಕೆ ಶೇಕಡಾ 18 ಹಾಕಿ ಬಿಲ್ ಕೊಟ್ಟರೆ ಅಲ್ಲೇ ಕೇಳಿ.

2. ಮೈಕ್, ಡಿಜೆ, ಓಲಗ

ಹೆಚ್ಚು ಎಡವುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಕಾನೂನು ಎಲ್ಲ ಛತ್ರಕ್ಕೂ ಒಂದೇ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6ರವರೆಗೆ. ಆ ಹೊತ್ತಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಸದ್ದು ಮಾಡುವ ವಾದ್ಯವನ್ನೂ ನುಡಿಸುವಂತಿಲ್ಲ. ಆಡಿಟೋರಿಯಂ, ಸಮುದಾಯ ಭವನ, ಬ್ಯಾಂಕ್ವೆಟ್ ಹಾಲ್‌ನಂಥ ಮುಚ್ಚಿದ ಕಟ್ಟಡದ ಒಳಗೆ, ಒಳಗಿನವರಿಗೆ ಮಾತು ತಲುಪಿಸುವುದಕ್ಕೆ ಮಾತ್ರ ವಿನಾಯಿತಿ ಇದೆ. ಡಿಜೆಗೆ ಸಿಕ್ಕ ರಹದಾರಿ ಅದಲ್ಲ. ಹಾಲ್‌ನ ಪಕ್ಕದ ಲಾನ್‌ಗೂ ಛಾವಣಿಯಿಲ್ಲದ ಊಟದ ಅಂಗಳಕ್ಕೂ ಆ ವಿನಾಯಿತಿ ತಟ್ಟುವುದೇ ಇಲ್ಲ. ವಸತಿ ಪ್ರದೇಶಕ್ಕೆ ನಿಗದಿಯಾಗಿರುವ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಇಬ್ಬರು ಎದುರುಬದುರು ಕೂತು ಆಡುವ ಮಾತೇ ಸುಮಾರು 60 ಡೆಸಿಬೆಲ್ ಇರುತ್ತದೆ ಎಂದರೆ ರಾತ್ರಿಯ ಮಿತಿ ಎಷ್ಟು ಬಿಗಿ ಎಂದು ಊಹಿಸಿಕೊಳ್ಳಿ. ಹಗಲಾದರೂ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಅದನ್ನು ಛತ್ರ ತರುತ್ತದೋ ನೀವು ತರಬೇಕೋ ಎಂಬುದು ಫಾರಂನಲ್ಲಿ ಇರಲಿ.

ಭಾಷೆಯ ತೊಡಕು ಇರುವುದು ಬೇರೆ ಕಡೆ. ಕನ್ನಡದಲ್ಲಿ "ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸತಕ್ಕದ್ದು" ಎಂದಿರುತ್ತದೆ, ಇಂಗ್ಲಿಷಿನಲ್ಲಿ "ದಿ ಫಂಕ್ಷನ್ ಶಲ್ ಕ್ಲೋಸ್ ಬೈ 10 ಪಿಎಂ". ಮೊದಲನೆಯದು ಮೈಕಿನ ಮಾತು, ಎರಡನೆಯದು ಇಡೀ ಸಮಾರಂಭದ ಮಾತು. ಆರತಕ್ಷತೆಯ ದಿನ 10 ಗಂಟೆಗೆ ಇನ್ನೂ ಫೋಟೊಗೆ ಸಾಲು ನಿಂತಿರುತ್ತದೆ, ಕೊನೆಯ ಪಂಕ್ತಿಗೆ ಎಲೆ ಹಾಕುತ್ತಿರುತ್ತಾರೆ. ಇಂಗ್ಲಿಷ್ ಸಾಲು ಹಿಡಿದು ಹೆಚ್ಚುವರಿ ಗಂಟೆಯ ಬಿಲ್ ಹಾಕಿದರೆ ಕನ್ನಡ ತೋರಿಸಿ ಪ್ರಯೋಜನವಿಲ್ಲ.

ಆ ಹೆಚ್ಚುವರಿ ಗಂಟೆಯ ಸಾಲಿನಲ್ಲಿ ಇನ್ನೊಂದು ಮುಳ್ಳಿದೆ: "ಪರ್ ಅವರ್ ಆರ್ ಪಾರ್ಟ್ ದೇರಾಫ್". ಗಂಟೆಗೆ ಅಥವಾ ಗಂಟೆಯ ಯಾವುದೇ ಭಾಗಕ್ಕೆ ಎಂದರ್ಥ. ಹತ್ತು ನಿಮಿಷ ತಡವಾದರೂ ಪೂರ್ತಿ ಒಂದು ಗಂಟೆಯ ದುಡ್ಡು. ಕನ್ನಡದವರು ಅನುವಾದಿಸುವಾಗ "ಗಂಟೆಗೆ ರೂ. 5,000" ಎಂದಷ್ಟೇ ಬರೆದು ಬಾಲವನ್ನು ಬಿಟ್ಟಿರುತ್ತಾರೆ. "ಮೊದಲ 30 ನಿಮಿಷಕ್ಕೆ ಶುಲ್ಕವಿಲ್ಲ" ಎಂದು ಎರಡೂ ಕಡೆ ಸೇರಿಸಲು ಕೇಳಿ. ಕೇಳಿದವರಿಗೆ ಕೊಡುತ್ತಾರೆ.

ಗಡಿಯಾರದ ಇನ್ನೊಂದು ತುದಿಯನ್ನು ಯಾರೂ ನೋಡುವುದಿಲ್ಲ. ಮುಹೂರ್ತ ಬೆಳಗಿನ ಜಾವ 5.15ರಿಂದ 6ರೊಳಗೆ ಎಂದಿಟ್ಟುಕೊಳ್ಳಿ. ಗಟ್ಟಿಮೇಳ ಬಾರಿಸುವ ಹೊತ್ತು ಕಾನೂನಿನ ಲೆಕ್ಕದಲ್ಲಿ ಇನ್ನೂ ರಾತ್ರಿ! ನಾದಸ್ವರ, ಡೋಲು ಎರಡೂ ವಾದ್ಯಗಳೇ. ಹಾಲ್‌ನ ಒಳಗೆ, ಬಾಗಿಲು ಮುಚ್ಚಿ, ಮೈಕ್ ಹಿಡಿಯದೆ ನುಡಿಸಿದರೆ ತಕರಾರು ಬರುವುದು ಅಪರೂಪ. ಬೀಗರನ್ನು ಎದುರುಗೊಳ್ಳಲು ಗೇಟಿನ ಹತ್ತಿರ 4.30ಕ್ಕೆ ಓಲಗ ಊದಿಸಿದರೆ ಪಕ್ಕದ ಮನೆಯವರು 112ಕ್ಕೆ ಫೋನ್ ಮಾಡುತ್ತಾರೆ, ಅವರ ತಪ್ಪೂ ಅಲ್ಲ. ಹೀಗೆ ಬರೆಸಿಕೊಳ್ಳಿ:

"ಧ್ವನಿವರ್ಧಕ ಮತ್ತು ಡಿಜೆ: ಶನಿವಾರ ರಾತ್ರಿ 10.00ಕ್ಕೆ ನಿಲುಗಡೆ. ಊಟ ಮತ್ತು ಫೋಟೊ: ರಾತ್ರಿ 11.30ರವರೆಗೆ, ಹೆಚ್ಚುವರಿ ಶುಲ್ಕವಿಲ್ಲ. ಭಾನುವಾರ ಬೆಳಿಗ್ಗೆ 6.00ಕ್ಕೆ ಮುಂಚೆ ಓಲಗ ಹಾಲ್‌ನ ಒಳಗೆ ಮಾತ್ರ, ಧ್ವನಿವರ್ಧಕವಿಲ್ಲದೆ."

ಇಂಗ್ಲಿಷ್ ಕಡೆ: "ಆಂಪ್ಲಿಫೈಡ್ ಮ್ಯೂಸಿಕ್ ಶಲ್ ಸ್ಟಾಪ್ ಅಟ್ 10 ಪಿಎಂ ಆನ್ ಸ್ಯಾಟರ್ಡೇ. ಡಿನ್ನರ್ ಅಂಡ್ ಫೋಟೋಗ್ರಫಿ ಮೇ ಕಂಟಿನ್ಯೂ ಟಿಲ್ 11.30 ಪಿಎಂ ವಿದೌಟ್ ಎಕ್ಸ್‌ಟ್ರಾ ಚಾರ್ಜ್. ಬಿಫೋರ್ 6 ಎಎಂ ಆನ್ ಸಂಡೇ, ಅನ್‌ಆಂಪ್ಲಿಫೈಡ್ ನಾದಸ್ವರ ಇನ್‌ಸೈಡ್ ದಿ ಹಾಲ್ ಓನ್ಲಿ."

ವಾರದ ಹೆಸರು ಸುಮ್ಮನೆ ಹಾಕಿಲ್ಲ. "ರಾತ್ರಿ 12ರವರೆಗೆ, ದಿನಾಂಕ 14" ಎಂದು ಬರೆದರೆ ಅದು 13ರ ರಾತ್ರಿಯೋ 14ರ ರಾತ್ರಿಯೋ ಗೊತ್ತಾಗುವುದಿಲ್ಲ. ಬೆಳಗಿನ ಜಾವ ಮೂರಕ್ಕೂ ನಾವು ರಾತ್ರಿ ಮೂರು ಎನ್ನುವವರು. ಸಮಯ ಬರೆದಲ್ಲೆಲ್ಲ ವಾರವೂ ಇರಲಿ. 12 ಗಂಟೆ ಎಂದು ಬರೆಸಲೇ ಬೇಡಿ, 11.59 ಎನ್ನಿ.

3. ಅಲಂಕಾರ

ಇಂಗ್ಲಿಷಿನ ಡೆಕೊರೇಷನ್ ಎಂದರೆ ಛತ್ರದವರ ಮನಸ್ಸಿನಲ್ಲಿ ಸ್ಟೇಜು, ಹೂವು, ಲೈಟು. ನಮ್ಮ ಅಲಂಕಾರ ಅದಕ್ಕಿಂತ ದೊಡ್ಡದು: ಚಪ್ಪರ, ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ, ರಂಗೋಲಿ. "ನೋ ಔಟ್‌ಸೈಡ್ ಡೆಕೊರೇಷನ್" ಎಂಬ ಷರತ್ತಿನ ಕೆಳಗೆ ನಿಮ್ಮ ಸೋದರಮಾವ ತಂದ ಬಾಳೆಕಂದನ್ನು ಗೇಟಿನಲ್ಲಿ ತಡೆಯಬಹುದು. "ಶಾಸ್ತ್ರದ ಚಪ್ಪರ, ಬಾಳೆಕಂದು, ತೋರಣ, ರಂಗೋಲಿ ಅಲಂಕಾರದ ಷರತ್ತಿಗೆ ಒಳಪಡುವುದಿಲ್ಲ" ಎಂದು ಬರೆಸಿಕೊಂಡರೆ ಮುಗಿಯಿತು. ಇಂಗ್ಲಿಷ್ ಕಡೆಯೂ ಚಪ್ಪರ, ಬಾಳೆಕಂದು ಎಂಬ ಪದಗಳನ್ನೇ ಇಡಿಸಿ. ಅವನ್ನು ಅನುವಾದಿಸಲು ಹೋಗಿ ಯಾರೂ ಗೆದ್ದಿಲ್ಲ.

ಪ್ಯಾನೆಲ್ ಡೆಕೊರೇಟರ್ ಎಂದರೆ ಛತ್ರ ಗೊತ್ತುಮಾಡಿಟ್ಟುಕೊಂಡಿರುವವರು. ಬೇರೆಯವರನ್ನು ಕರೆತಂದರೆ ರಾಯಲ್ಟಿ, ಅಂದರೆ ಒಳಬಿಡುವ ಶುಲ್ಕ. ಅದರ ಮೊತ್ತ ಫಾರಂನಲ್ಲೇ ಇರಬೇಕು. "ಆಸ್ ಅಪ್ಲಿಕಬಲ್" ಎಂದಿದ್ದರೆ ಸಹಿ ಹಾಕಬೇಡಿ.

ಮೊಳೆ, ಅಂಟು, ಎರಡೂ ಬದಿ ಅಂಟುವ ಟೇಪು ಬೇಡವೆನ್ನುವುದು ನ್ಯಾಯವೇ. ಟೇಪು ಕಿತ್ತಾಗ ಬಣ್ಣದ ಸಿಪ್ಪೆಯೂ ಬರುತ್ತದೆ. ಆದರೆ ನಿಷೇಧದ ಜೊತೆಗೆ ಪರ್ಯಾಯವನ್ನೂ ಕೇಳಿ: ಕಟ್ಟಲು ಕೊಕ್ಕೆ ಎಲ್ಲಿದೆ, ಕಂಬಕ್ಕೆ ಹಗ್ಗ ಸುತ್ತಬಹುದೇ, ನೆಲದ ಮೇಲೆ ನಿಲ್ಲಿಸುವ ಫ್ರೇಮ್ ತರಬಹುದೇ. ಡೆಕೊರೇಷನ್‌ನವರು ಒಳಗೆ ಬರುವ ಸಮಯವನ್ನೂ ಬರೆಸಿ. ಹಾಲ್ ನಿಮ್ಮ ಕೈಗೆ ಮಧ್ಯಾಹ್ನ 3ಕ್ಕೆ ಬಂದು ಆರತಕ್ಷತೆ 6.30ಕ್ಕೆ ಇದ್ದರೆ ಮೂರೂವರೆ ಗಂಟೆಯಲ್ಲಿ ಹೂವಿನ ಸ್ಟೇಜ್ ಏಳುವುದಿಲ್ಲ. ಅರಿಶಿನ ಶಾಸ್ತ್ರ ಅಲ್ಲೇ ಮಾಡುವುದಾದರೆ ಯಾವ ಜಾಗದಲ್ಲಿ ಎಂದು ಕೇಳಿಕೊಂಡು, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ತಿಳಿ ಬಣ್ಣದ ಕಲ್ಲಿಗೆ ಇಳಿದ ಅರಿಶಿನ ಸಾಬೂನಿಗೆ ಬಗ್ಗುವುದಿಲ್ಲ. ಠೇವಣಿಯಿಂದ ಕೀಳುವ ದುಡ್ಡಿಗೆ ಅದೇ ಸುಲಭದ ನೆಪ.

4. ಹೊರಗಿನ ಅಡುಗೆಯವರು

"ಔಟ್‌ಸೈಡ್ ಕೇಟರರ್" ಎಂದರೆ ಯಾರು? ಕಂಟ್ರಾಕ್ಟ್ ಹಿಡಿದು ಎಲೆಗಿಷ್ಟು ಎಂದು ಊಟ ಬಡಿಸುವವರೇ? ಅಥವಾ ನೀವೇ ದಿನಸಿ ತಂದುಕೊಟ್ಟು, ಕೂಲಿಗೆ ಕರೆತಂದು ಛತ್ರದ ಒಲೆಯ ಮೇಲೆ ಅಡುಗೆ ಮಾಡಿಸುವ ಭಟ್ಟರೂ ಸೇರುತ್ತಾರೆಯೇ? ಕನ್ನಡದ "ಹೊರಗಿನ ಅಡುಗೆಯವರು" ಇಬ್ಬರಿಗೂ ಅನ್ವಯಿಸುತ್ತದೆ. ಇಂಗ್ಲಿಷಿನ ಪದ ಮೊದಲನೆಯವರಿಗೆ ಮಾತ್ರ ಎಂದು ವಾದಿಸಬಹುದು. ವಾದಕ್ಕೆ ಬಿಡದೆ, ನಿಮ್ಮವರು ಯಾವ ಬಗೆ ಎಂದು ಹೆಸರು ಸಮೇತ ಬರೆಸಿ. "ಔಟ್‌ಸೈಡ್ ಫುಡ್ ನಾಟ್ ಅಲೌಡ್" ಎಂಬ ಸಾಲು ಇದ್ದರೆ ಕೇಕು, ಬೀಗರು ತರುವ ಸಿಹಿ, ಐಸ್‌ಕ್ರೀಂ ಗಾಡಿ, ಬೀಡಾ ಕೌಂಟರ್, ನೀರಿನ ಬಾಟಲಿ ಇವು ಹೊರಗೋ ಒಳಗೋ ಎಂಬುದನ್ನೂ.

ರಾಯಲ್ಟಿಯ ಲೆಕ್ಕ ಯಾವುದರ ಮೇಲೆ ಎನ್ನುವುದರಲ್ಲಿ ದೊಡ್ಡ ದುಡ್ಡಿದೆ. ಉದಾಹರಣೆಗೆ ಇಟ್ಟುಕೊಂಡ ಅಂಕಿ ನೋಡಿ. ತಲೆಗೆ 20 ರೂಪಾಯಿ ರಾಯಲ್ಟಿ. ಬುಕಿಂಗ್ ಸಮಯದಲ್ಲಿ 800 ಜನ ಎಂದು ಹೇಳಿದ್ದೀರಿ. ಎದ್ದ ಎಲೆ ಶನಿವಾರ ರಾತ್ರಿ 620, ಭಾನುವಾರ ತಿಂಡಿಗೆ 250, ಮಧ್ಯಾಹ್ನ 710. ಕನ್ನಡದಲ್ಲಿ "ಎಲೆ ಒಂದಕ್ಕೆ" ಎಂದಿದ್ದರೆ 1,580 ಎಲೆಗೆ 31,600 ರೂಪಾಯಿ. ಇಂಗ್ಲಿಷಿನಲ್ಲಿ "ಆನ್ ಗ್ಯಾರಂಟೀಡ್ ನಂಬರ್, ಪರ್ ಸೆಷನ್" ಎಂದಿದ್ದರೆ ಮೂರು ಹೊತ್ತಿಗೂ 800ರ ಲೆಕ್ಕ, 48,000 ರೂಪಾಯಿ. ತಿಂಡಿಯನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಮೊದಲೇ ಒಪ್ಪಿಸಿದ್ದರೆ 26,600. ಮದುವೆ ಒಂದೇ, ಊಟವೂ ಒಂದೇ!

"ರಾಯಲ್ಟಿ: ನಿಜವಾಗಿ ಬಡಿಸಿದ ಎಲೆಗೆ ರೂ. 20, ರಾತ್ರಿ ಮತ್ತು ಮಧ್ಯಾಹ್ನದ ಊಟಕ್ಕೆ ಮಾತ್ರ. ಎಣಿಕೆಯನ್ನು ಎರಡೂ ಕಡೆಯವರು ಪ್ರತಿ ಪಂಕ್ತಿ ಮುಗಿದ ಮೇಲೆ ಬರೆದು ಸಹಿ ಮಾಡುವುದು." ಇಂಗ್ಲಿಷ್ ಕಡೆ "ಆನ್ ಆಕ್ಚುಯಲ್ ಲೀವ್ಸ್ ಸರ್ವ್ಡ್, ಲಂಚ್ ಅಂಡ್ ಡಿನ್ನರ್ ಓನ್ಲಿ, ಜಾಯಿಂಟ್ಲಿ ಕೌಂಟೆಡ್ ಆಫ್ಟರ್ ಈಚ್ ಬ್ಯಾಚ್." ಎಣಿಸಲು ಮನೆಯವರಲ್ಲಿ ಒಬ್ಬರನ್ನು ನೇಮಿಸಿ. ಊಟ ಬೇಗ ಮುಗಿಸುವ ಚಿಕ್ಕಪ್ಪ ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ.

ಅಡುಗೆಯವರಿಂದ ಎರಡು ವಿಷಯ ಮೊದಲೇ ಕೇಳಿ. ಒಂದು, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್. ಛತ್ರದವರು ಬಾಗಿಲಲ್ಲಿ ಅದನ್ನು ಕೇಳಿದರೆ ಪರದಾಡಬಾರದು. ಎರಡು, ಗ್ಯಾಸ್. ಮನೆಬಳಕೆಯ 14.2 ಕಿಲೋ ಸಿಲಿಂಡರ್ ಇಲ್ಲಿ ನಡೆಯುವುದಿಲ್ಲ, 19 ಕಿಲೋದ ವಾಣಿಜ್ಯ ಸಿಲಿಂಡರ್ ಬೇಕು. ಛತ್ರದ ಸಿಲಿಂಡರ್ ಬಳಸಿದರೆ "ಬಳಸಿದಷ್ಟಕ್ಕೆ" ಎಂದರೆ ಹಾಕುವ ಮುಂಚೆಯೂ ತೆಗೆದ ಮೇಲೂ ತೂಕ ಹಾಕಬೇಕು. ತೂಕದ ಮಾತು ಫಾರಂನಲ್ಲಿ ಇಲ್ಲದಿದ್ದರೆ ಅರ್ಧ ಉಳಿದ ಸಿಲಿಂಡರಿಗೂ ಪೂರ್ತಿ ದುಡ್ಡು ಹೋಗುತ್ತದೆ.

5. ಹಾನಿ ಠೇವಣಿ

ಕನ್ನಡದಲ್ಲಿ ಸರಳವಾಗಿ "ಠೇವಣಿ ಹಿಂತಿರುಗಿಸಲಾಗುವುದು". ಇಂಗ್ಲಿಷಿನಲ್ಲಿ ಅದೇ ಸಾಲಿಗೆ ಮೂರು ಬಾಲ. "ಇನ್ ಡ್ಯೂ ಕೋರ್ಸ್" ಎಂದರೆ ಯಾವಾಗಲೋ ಒಮ್ಮೆ. "ಸಬ್ಜೆಕ್ಟ್ ಟು ಡಿಡಕ್ಷನ್ಸ್" ಎಂದರೆ ಕಡಿತ ಕಳೆದು. "ಅಟ್ ದಿ ಸೋಲ್ ಡಿಸ್ಕ್ರೀಷನ್ ಆಫ್ ದಿ ಮ್ಯಾನೇಜ್‌ಮೆಂಟ್" ಎಂದರೆ ಎಷ್ಟು ಕಡಿತ ಎಂಬುದು ಅವರ ಇಷ್ಟ. ಮೂರನೆಯದನ್ನು ಹೇಗಾದರೂ ಹೊಡೆಸಿಹಾಕಿ. ಅದರ ಜಾಗಕ್ಕೆ ದರಪಟ್ಟಿ ಬರಲಿ: ಕುರ್ಚಿ ಒಂದಕ್ಕೆ ಎಷ್ಟು, ಸೌಟಿಗೆ ಎಷ್ಟು, ಗೋಡೆಯ ತೂತಿಗೆ ಎಷ್ಟು. ಜೊತೆಗೆ "ವೇರ್ ಅಂಡ್ ಟೇರ್", ಅಂದರೆ ಬಳಸಿದಾಗ ತಾನಾಗಿ ಆಗುವ ಸವಕಳಿಗೆ ಕಡಿತವಿಲ್ಲ ಎಂಬ ಮಾತು ಎರಡೂ ಕಡೆ ಬೇಕು.

"ದರಪಟ್ಟಿಯ ಪ್ರಕಾರ, ಫೋಟೊ ಇರುವ ಹಾನಿಗೆ ಮಾತ್ರ ಕಡಿತ. ಸಹಜ ಸವಕಳಿಗೆ ಕಡಿತವಿಲ್ಲ. ಉಳಿದ ಠೇವಣಿಯನ್ನು ಹಾಲ್ ಬಿಟ್ಟುಕೊಟ್ಟ 7 ದಿನದೊಳಗೆ ಬ್ಯಾಂಕ್ ಖಾತೆಗೆ ಹಾಕುವುದು." ಇಂಗ್ಲಿಷ್ ಕಡೆ: "ಡಿಡಕ್ಷನ್ಸ್ ಓನ್ಲಿ ಫಾರ್ ಫೋಟೋಗ್ರಾಫ್ಡ್ ಡ್ಯಾಮೇಜ್, ಆಸ್ ಪರ್ ರೇಟ್ ಲಿಸ್ಟ್. ನಾರ್ಮಲ್ ವೇರ್ ಅಂಡ್ ಟೇರ್ ಎಕ್ಸ್‌ಕ್ಲೂಡೆಡ್. ಬ್ಯಾಲೆನ್ಸ್ ಟು ಬಿ ರಿಫಂಡೆಡ್ ಟು ದಿ ಬ್ಯಾಂಕ್ ಅಕೌಂಟ್ ವಿದಿನ್ 7 ಡೇಸ್ ಆಫ್ ಹ್ಯಾಂಡೋವರ್."

ಇದರಿಂದ ಏನು ಬದಲಾಗುತ್ತದೆ ಎಂದು ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ಇದೂ ಉದಾಹರಣೆಯದೇ. ಠೇವಣಿ 50,000. ಮದುವೆಯಾದ ಮೇಲೆ ಛತ್ರದವರ ಪಟ್ಟಿ ಬರುತ್ತದೆ: ಸ್ಟೇಜಿನ ಹಿಂದಿನ ಗೋಡೆಗೆ ಪೂರ್ತಿ ಬಣ್ಣ 12,000, ಮುರಿದ ಕುರ್ಚಿ ಮೂರಕ್ಕೆ 5,400, ಕಾಣೆಯಾದ ಪಾತ್ರೆ ಎರಡಕ್ಕೆ 1,800, ಸ್ವಚ್ಛತೆಗೆ 4,000. ಒಟ್ಟು 23,200. ಈಗ ಬರೆಸಿಕೊಂಡ ಷರತ್ತು ಹಿಡಿಯಿರಿ. ಗೋಡೆಯ ಫೋಟೊದಲ್ಲಿ ಹೊಸ ತೂತು ಆರು, ದರಪಟ್ಟಿಯಲ್ಲಿ ತೂತಿಗೆ 150, ಅಲ್ಲಿಗೆ 900. ಮೂರು ಕುರ್ಚಿಯಲ್ಲಿ ಒಂದರ ಕಾಲು ಮೊದಲೇ ಮುರಿದಿತ್ತು, ಬೀಗ ತೆಗೆದುಕೊಂಡ ದಿನದ ಫೋಟೊ ಇದೆ, ಹಾಗಾಗಿ ಎರಡಕ್ಕೆ 3,600. ಪಾತ್ರೆ ಹೋಗಿದ್ದು ನಿಜ, 1,800. ಸ್ವಚ್ಛತೆ ಬಾಡಿಗೆಯಲ್ಲೇ ಸೇರಿದೆ. ಒಟ್ಟು 6,300, ವಾಪಸ್ ಬರಬೇಕಾದ್ದು 43,700.

ಫಾರಂನಲ್ಲಿ "ನಿಯಮ ಮೀರಿದರೆ ಪೂರ್ತಿ ಠೇವಣಿ ಮುಟ್ಟುಗೋಲು" ಎಂದಿದ್ದರೆ ಹೆದರಿ ಸುಮ್ಮನಾಗಬೇಡಿ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಒಪ್ಪಂದದಲ್ಲಿ ಬರೆದ ದಂಡದ ಮೊತ್ತ ಮೇಲಿನ ಮಿತಿ ಮಾತ್ರ, ಅದರೊಳಗೆ ಸಿಗುವುದು ನ್ಯಾಯವಾದ ಪರಿಹಾರ. ದುಡ್ಡು ಬಾರದಿದ್ದರೆ ಮೊದಲು ಇಮೇಲ್ ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ 15 ದಿನದ ಗಡುವು ಕೊಟ್ಟು ಕೇಳಿ, ಆಮೇಲೆ 1915 ಗ್ರಾಹಕ ಸಹಾಯವಾಣಿ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ಹಾಕಬಹುದು.

6. ಬೀಗ ತೆಗೆದುಕೊಳ್ಳುವಾಗ, ಕೊಡುವಾಗ

ಬೀಗ ಕೈಗೆ ಬಂದ ಕೂಡಲೇ, ಡೆಕೊರೇಷನ್‌ನವರು ಒಳಗೆ ಕಾಲಿಡುವ ಮುಂಚೆ, ಮೊಬೈಲಿನಲ್ಲಿ ಹತ್ತು ನಿಮಿಷದ ವಿಡಿಯೊ ಮಾಡಿ. ಸ್ಟೇಜಿನ ಗೋಡೆ, ರೂಮುಗಳ ಕನ್ನಡಿ, ಕಮೋಡು, ನಲ್ಲಿ, ಊಟದ ಹಾಲ್‌ನ ನೆಲ, ಕೊನೆಗೆ ಕರೆಂಟ್ ಮೀಟರಿನ ಅಂಕಿ. ವಿಡಿಯೊವನ್ನು ಅಲ್ಲಿಂದಲೇ ಮ್ಯಾನೇಜರರ ವಾಟ್ಸಾಪಿಗೆ ಕಳಿಸಿ, ಸಮಯ ತಾನಾಗಿ ದಾಖಲಾಗುತ್ತದೆ. ಪಾತ್ರೆಗಳನ್ನು ನಿಮ್ಮ ಅಡುಗೆಯವರೇ ಎಣಿಸಿ ಪಡೆಯಲಿ: ಕೊಳಗ ಇಷ್ಟು, ಕಡಾಯಿ ಇಷ್ಟು, ಸೌಟು ಇಷ್ಟು. ಮನೆಯವರು ಎಣಿಸಿದರೆ ಸಾಯಂಕಾಲ ಅಡುಗೆಯವರು "ನನಗೆ ಕೊಟ್ಟಿದ್ದೇ ಇಷ್ಟು" ಎನ್ನುತ್ತಾರೆ.

ಹೊರಡುವಾಗ ಎಲ್ಲರೂ ಸುಸ್ತಾಗಿರುತ್ತಾರೆ, ಹುಡುಗಿಯನ್ನು ಕಳಿಸಿಕೊಡುವ ಗಡಿಬಿಡಿ ಬೇರೆ. ಈ ಕೆಲಸವನ್ನು ತಂದೆತಾಯಿಗೆ ಹಚ್ಚಬೇಡಿ, ಮದುವೆಯಲ್ಲಿ ಯಾವ ಶಾಸ್ತ್ರಕ್ಕೂ ಬೇಕಾಗದ ಒಬ್ಬರಿಗೆ ಒಪ್ಪಿಸಿ. ಅವರು ಮ್ಯಾನೇಜರರ ಜೊತೆ ಅದೇ ದಾರಿಯಲ್ಲಿ ಇನ್ನೊಂದು ಸುತ್ತು ಹೋಗಲಿ. ಮೀಟರ್ ಅಂಕಿ, ಎಲೆಯ ಲೆಕ್ಕ, ಒಡೆದ ವಸ್ತುಗಳು, ಮೂರನ್ನೂ ಒಂದು ಬಿಳಿ ಹಾಳೆಯಲ್ಲಿ ಬರೆದು, ಕೊನೆಗೆ "ಇದಲ್ಲದೆ ಬೇರೆ ಹಾನಿ ಇಲ್ಲ" ಎಂದು ಸೇರಿಸಿ ಇಬ್ಬರೂ ಸಹಿ ಹಾಕಲಿ. ಮ್ಯಾನೇಜರರು "ಓನರ್ ಬಂದು ನೋಡಬೇಕು" ಎಂದರೆ, ಆ ಮಾತನ್ನೇ ಹಾಳೆಯಲ್ಲಿ ಬರೆದು, ಗಂಟೆ ನಮೂದಿಸಿ, ಫೋಟೊ ತೆಗೆದು ಅವರಿಗೇ ಕಳಿಸಿ ಬೀಗ ಕೊಡಿ.